ನವಲಗುಂದದ ಮನೆಯ ಬಿರುಕು: ಮೊದಲ ಫೋಟೋದಿಂದ ಕೊನೆಯ ಅಳತೆವರೆಗೆ

2 ಮೇ 2021, ಭಾನುವಾರ

ಬೆಳಿಗ್ಗೆ ಅಕ್ಕನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಕೆಳಗೆ ಒಂದು ವಾಯ್ಸ್ ಮೆಸೇಜು: "ಗ್ವಾಡಿ ಬಿರಕ ಬಿಟ್ಟೈತಿ ನೋಡೋ ತಮ್ಮಾ. ಗೌಂಡಿ ಬಂದು ಪುಟ್ಟಿ ಹಚ್ಚಿ ಬಿಡ್ತೀನಿ ಅಂತಾನ. ಹಚ್ಚಿಸಲೇನು?"

ಫೋಟೋದಲ್ಲಿ ಕಾಣುತ್ತಿದ್ದದ್ದು ಇಷ್ಟೇ. ಹಳದಿ ಬಣ್ಣದ ಗೋಡೆ, ಅದರ ಮೇಲೆ ಓರೆಯಾಗಿ ಹೋದ ಒಂದು ಗೆರೆ. ಫೋನನ್ನು ಗೋಡೆಗೆ ಒಂದಡಿ ಹತ್ತಿರ ಹಿಡಿದು ತೆಗೆದದ್ದು. ಕಿಟಕಿ ಎಲ್ಲಿದೆ, ಛಾವಣಿ ಎಲ್ಲಿದೆ, ನೆಲ ಎಲ್ಲಿದೆ, ಯಾವುದೂ ಇಲ್ಲ. ಬಿರುಕು ಕೂದಲಿನಷ್ಟು ಸಣ್ಣದೋ ಬೆರಳು ಹೋಗುವಷ್ಟು ದೊಡ್ಡದೋ ಗೊತ್ತಾಗಲಿಲ್ಲ, ಪಕ್ಕದಲ್ಲಿ ಹೋಲಿಸಿ ನೋಡಲು ಏನೂ ಇರಲಿಲ್ಲ.

ನಾನು ಬೆಂಗಳೂರಿನಲ್ಲಿ ಸೈಟ್ ಎಂಜಿನಿಯರ್. ದಿನಾ ಗೋಡೆ ನೋಡುವವನು. ಆದರೂ ಆ ಹೊತ್ತಿಗೆ "ಪ್ಲಾಸ್ಟರ್ ಬಿರುಕು ಇರಬೇಕು ಅಕ್ಕಾ, ಪುಟ್ಟಿ ಹಚ್ಚಿಸು" ಎಂದು ಉತ್ತರ ಕಳಿಸಿಬಿಟ್ಟೆ. ಅದು ತಪ್ಪು. ಬರೀ ಗೆರೆಯ ಫೋಟೋ ನೋಡಿ ಯಾರೂ ಹಾಗೆ ಹೇಳಬಾರದು.

ಸಂಜೆ ಅದೇ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಆಗ ಒಂದು ವಿಷಯ ಕಂಡಿತು. ಬಿರುಕಿನ ಒಂದು ಅಂಚಿಗೆ ಬಿಳಿ ಪುಟ್ಟಿ ಪಟ್ಟಿಯಾಗಿ ಅಂಟಿಕೊಂಡಿತ್ತು. ಇನ್ನೊಂದು ಅಂಚಿನಲ್ಲಿ ಇರಲಿಲ್ಲ. ಅಂದರೆ ಇದಕ್ಕೆ ಈಗಾಗಲೇ ಒಮ್ಮೆ ಪುಟ್ಟಿ ಹಾಕಿದ್ದಾರೆ, ಗೋಡೆ ಮತ್ತೆ ಅಲ್ಲೇ ಬಿಟ್ಟಿದೆ. ಪ್ಲಾಸ್ಟರ್ ಒಣಗುವಾಗ ಬಿದ್ದ ಬಿರುಕಾಗಿದ್ದರೆ, ಮುಚ್ಚಿದ ಮೇಲೆ ಸುಮ್ಮನಿರುತ್ತದೆ. ಅದು ಒಣಗಿ ಕುಗ್ಗುವುದು ಒಂದೇ ಸಲ. ಮತ್ತೆ ತೆರೆದುಕೊಂಡಿದೆ ಎಂದರೆ ಅದರ ಹಿಂದೆ ಏನೋ ಅಲುಗಾಡುತ್ತಿದೆ.

ತಕ್ಷಣ ಫೋನ್ ಮಾಡಿ ಪುಟ್ಟಿ ಬೇಡ ಎಂದೆ. ಕೋವಿಡ್ ಎರಡನೇ ಅಲೆಗೆ ರಾಜ್ಯ ಬಂದ್ ಆಗಿತ್ತು, ನಾನು ಹೋಗುವಂತಿರಲಿಲ್ಲ. ಡಿಗ್ರಿ ಓದುತ್ತಿದ್ದ ಅಕ್ಕನ ಮಗ ಮನೆಯಲ್ಲೇ ಇದ್ದ. ಇನ್ನು ಅವನ ಕಣ್ಣಲ್ಲೇ ನಾನು ಆ ಮನೆ ನೋಡಬೇಕಿತ್ತು.

4 ಮೇ, ಫೋಟೋ ಪಟ್ಟಿ

ಅಳಿಯನಿಗೆ ಬಿರುಕನ್ನು ಬಿಟ್ಟು ಗೋಡೆಯ ಫೋಟೋ ಮೊದಲು ತೆಗೆ ಎಂದೆ. ಹೊರಗೆ ಹದಿನೈದು ಅಡಿ ಹಿಂದೆ ಸರಿದು, ಗೋಡೆಗೆ ನೇರವಾಗಿ ಎದುರು ನಿಂತು, ಮಣ್ಣಿನಿಂದ ಛಾವಣಿವರೆಗೆ ಪೂರ್ತಿ ಬರಬೇಕು. ಓರೆಯಾಗಿ ನಿಂತು ತೆಗೆದರೆ ಬಿರುಕಿನ ಇಳಿಜಾರೇ ಬದಲಾದಂತೆ ಕಾಣುತ್ತದೆ. ಆಮೇಲೆ ಅದೇ ಗೋಡೆ ಒಳಗಿನಿಂದ. ಆಮೇಲೆ ಆ ಮೂಲೆಯ ಇನ್ನೊಂದು ಗೋಡೆ. ಗೋಡೆಯ ಬುಡದ ಕಟ್ಟೆ, ಅಂದರೆ ಪ್ಲಿಂತ್, ಮಣ್ಣಿಗೆ ಸೇರುವ ಜಾಗ. ಕೊನೆಗೆ ಬಿರುಕಿನ ಮೇಲ್ತುದಿ, ನಡು, ಕೆಳತುದಿ, ಮೂರೂ ಹತ್ತಿರದಿಂದ, ಪಕ್ಕದಲ್ಲಿ ಒಂದು ನಾಣ್ಯ ಅಂಟಿಸಿ.

ನಾಣ್ಯ 10 ರೂಪಾಯಿಯದೇ ಆಗಿರಲಿ ಎಂದೆ. ಒಂದು, ಎರಡು, ಐದು ರೂಪಾಯಿ ನಾಣ್ಯಗಳ ಅಳತೆ ಸರಣಿಯಿಂದ ಸರಣಿಗೆ ಬದಲಾಗಿದೆ. ಹತ್ತರ ಎರಡು ಬಣ್ಣದ ನಾಣ್ಯ 27 ಮಿ.ಮೀ. ಅಗಲವೇ ಇದೆ. ಡಬಲ್ ಟೇಪಿನಿಂದ ಬಿರುಕಿಗೆ ಒಂದು ಬೆರಳು ದೂರದಲ್ಲಿ ಅಂಟಿಸಿದರೆ ಸಾಕು.

5 ಮೇ, ಫೋಟೋ ಓದಿದ್ದು

ಹದಿನಾಲ್ಕು ಫೋಟೋ ಬಂದವು. ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. 2009ರಲ್ಲಿ ಕಟ್ಟಿದ್ದು. ಕಾಲಂ ಇಲ್ಲ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಳೇ ಛಾವಣಿ ಹೊತ್ತಿವೆ. ಕೆಳಗೆ ಸೈಜುಗಲ್ಲಿನ ಪಾಯ, ನಾಲ್ಕು ಅಡಿ ಆಳ. ಪ್ಲಿಂತ್ ಮಟ್ಟದಲ್ಲಿ ಕಾಂಕ್ರೀಟ್ ಬೆಲ್ಟ್ ಹಾಕಿಲ್ಲ. ಲಿಂಟಲ್ ಕೂಡ ಕಿಟಕಿ, ಬಾಗಿಲ ಮೇಲೆ ಮಾತ್ರ ತುಂಡು ತುಂಡಾಗಿ ಇದೆ. ಮಣ್ಣು ಪೂರ್ತಿ ಎರೆ.

ಬಿರುಕು ಪಡುವಣ ಗೋಡೆಯಲ್ಲಿತ್ತು. ಹೊರಗೆ ನಿಂತು ನೋಡಿದರೆ ಬಲಗಡೆ ಮನೆಯ ನೈಋತ್ಯ ಮೂಲೆ. ಬಿರುಕು ಕಿಟಕಿಯ ಮೇಲಿನ ಬಲಮೂಲೆಯಿಂದ ಹೊರಟು, ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಏರುತ್ತಾ ಛಾವಣಿಯ ಹತ್ತಿರ ಹೋಗಿತ್ತು. ಕಿಟಕಿಯ ಕೆಳಗಿನ ಎಡಮೂಲೆಯಿಂದ ಇನ್ನೊಂದು ತುಂಡು ಎಡಕ್ಕೆ ಇಳಿದು ಪ್ಲಿಂತ್ ಮುಟ್ಟಿತ್ತು. ಮೊದಲ ಫೋಟೋದಲ್ಲಿ ಬಿಡಿ ಗೆರೆಯಾಗಿ ಕಂಡದ್ದು ನಿಜಕ್ಕೂ ನೆಲದಿಂದ ಛಾವಣಿವರೆಗಿನ ಒಂದೇ ಸೀಳು. ನಡುವೆ ಕಿಟಕಿ ಇದ್ದದ್ದರಿಂದ ಎರಡು ತುಂಡಾಗಿ ಕಾಣುತ್ತಿತ್ತು.

ಇದನ್ನು ಓದುವ ರೀತಿ ಹೀಗೆ. ಒಂದು ಮೂಲೆ ಕೆಳಗೆ ಇಳಿಯುವಾಗ ಅದು ಗೋಡೆಯನ್ನು ತನ್ನ ಕಡೆಗೆ, ಕೆಳಮುಖವಾಗಿ ಎಳೆಯುತ್ತದೆ. ಬಟ್ಟೆ ಎಳೆದರೆ ಎಳೆತಕ್ಕೆ ಅಡ್ಡವಾಗಿ ಹರಿಯುತ್ತದಲ್ವಾ, ಇಟ್ಟಿಗೆ ಗೋಡೆಯೂ ಹಾಗೇ. ಎಳೆತ ಬಲಕ್ಕೆ ಮತ್ತು ಕೆಳಕ್ಕೆ ಇದ್ದರೆ ಸೀಳು ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಪಾಯ ಕುಸಿದಾಗ ಓರೆ ಬಿರುಕು ಏರುತ್ತಾ ಯಾವ ಕಡೆಗೆ ಬಾಗುತ್ತದೋ, ಇಳಿದಿರುವುದು ಆ ಕಡೆ. ಸೀಳಿಗೆ ಸುಲಭದ ದಾರಿ ಕಿಟಕಿ, ಬಾಗಿಲು. ಅಲ್ಲಿ ಗೋಡೆ ಕಡಿಮೆ ಇರುತ್ತದೆ.

ಆದರೆ ಕಿಟಕಿ ಮೂಲೆಯಲ್ಲಿ ಓರೆ ಬಿರುಕು ಕಂಡ ತಕ್ಷಣ ಪಾಯ ಕುಸಿದಿದೆ ಎನ್ನುವಂತಿಲ್ಲ. ಪ್ಲಾಸ್ಟರ್ ಕುಗ್ಗಿದರೂ ಕಿಟಕಿ ಮೂಲೆಯಲ್ಲೇ ಮೊದಲು ಬಿರುಕು ಬೀಳುತ್ತದೆ. ಅದು ಸಾಮಾನ್ಯವಾಗಿ ಕೂದಲೆಳೆಯಷ್ಟು ಇರುತ್ತದೆ, ಒಂದಡಿ ಹೋಗುವಷ್ಟರಲ್ಲಿ ಸಾಯುತ್ತದೆ, ಗೋಡೆಯ ಒಂದು ಮುಖದಲ್ಲಿ ಮಾತ್ರ ಇರುತ್ತದೆ. ಅದಕ್ಕೇ ಒಳಗಿನ ಫೋಟೋ ಬೇಕಿತ್ತು. ಒಳಗೂ ಅದೇ ಜಾಗದಲ್ಲಿ, ಕನ್ನಡಿಯಲ್ಲಿ ಕಂಡ ಹಾಗೆ, ಅದೇ ಮೆಟ್ಟಿಲು. ಬಿರುಕು ಗೋಡೆಯನ್ನು ದಾಟಿ ಹೋಗಿದೆ.

ಇನ್ನೊಂದು ಗೋಡೆಯ ಫೋಟೋ ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ತೆಂಕಣ ಗೋಡೆಯನ್ನು ಹೊರಗಿನಿಂದ ನೋಡಿದರೆ ಅದೇ ನೈಋತ್ಯ ಮೂಲೆ ಎಡಗಡೆ ಬರುತ್ತದೆ. ಅಲ್ಲಿ ಯಾರೂ ಗಮನಿಸದ ಒಂದು ತೆಳು ಬಿರುಕು ಎಡಕ್ಕೆ ಏರುತ್ತಿತ್ತು. ಎರಡು ಗೋಡೆಯ ಎರಡು ಬಿರುಕುಗಳು ಒಂದೇ ಮೂಲೆಯನ್ನು ತೋರಿಸುತ್ತಿದ್ದವು.

ಆಮೇಲೆ ಅಗಲ. ಮೇಲಿನ ಫೋಟೋದಲ್ಲಿ ನಾಣ್ಯದ ಅಗಲ 432 ಪಿಕ್ಸೆಲ್ ಬಂತು. 432ನ್ನು 27ರಿಂದ ಭಾಗಿಸಿದರೆ ಒಂದು ಮಿ.ಮೀ.ಗೆ 16 ಪಿಕ್ಸೆಲ್. ಬಿರುಕು 67 ಪಿಕ್ಸೆಲ್ ಇತ್ತು, ಅಂದರೆ 4.2 ಮಿ.ಮೀ. ಕೆಳಗಿನದು ಅದೇ ಲೆಕ್ಕದಲ್ಲಿ 1.2 ಮಿ.ಮೀ. ಪ್ಲಾಸ್ಟರಿನ ಅಂಚು ಉದುರಿದ ಕಡೆ ಅಳೆಯಬಾರದು, ಇಲ್ಲದ ಅಗಲ ಕಾಣುತ್ತದೆ. ಪರೀಕ್ಷೆಗೆಂದು ಅಳಿಯನಿಗೆ ಕೆಳಗಿನ ಬಿರುಕಿಗೆ ಎಟಿಎಂ ಕಾರ್ಡಿನ ಅಂಚು ತೂರಿಸಲು ಹೇಳಿದೆ. ಕಾರ್ಡಿನ ದಪ್ಪ 0.76 ಮಿ.ಮೀ. ಅದು ಒಳಗೆ ಹೋಯಿತು. ಲೆಕ್ಕ ಸರಿ ಇದೆ ಅಂತಾಯಿತು.

ಮೇಲೆ ಅಗಲ, ಕೆಳಗೆ ಕಿರಿದು. ಮೂಲೆ ನೇರ ಕೆಳಗೆ ಇಳಿಯುತ್ತಿಲ್ಲ, ಹೊರಗೆ ವಾಲುತ್ತಲೂ ಇದೆ. ವಾಲುವಾಗ ತಲೆ ಹೆಚ್ಚು ದೂರ ಹೋಗುತ್ತದೆ.

4 ಮಿ.ಮೀ. ದೊಡ್ಡ ಅಗಲವೇನಲ್ಲ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ 5 ಮಿ.ಮೀ.ವರೆಗಿನದು ಸಣ್ಣ ಹಾನಿ, ಅದರಾಚೆ 15ರವರೆಗೆ ಮಧ್ಯಮ. ಅಗಲ ಮಾತ್ರ ನೋಡಿದ್ದರೆ ಇದನ್ನು ಬಿಟ್ಟುಬಿಡಬಹುದಿತ್ತು. ನನಗೆ ಚಿಂತೆ ಆಗಿದ್ದು ಅದರ ದಾರಿ ನೋಡಿ, ಮತ್ತು ಅದು ಮತ್ತೆ ತೆರೆದುಕೊಂಡದ್ದು ನೋಡಿ.

ಅದೇ ದಿನ, ಉಳಿದ ಎರಡು ಬಿರುಕು

ಅಕ್ಕ ಗಾಬರಿಯಾಗಿ ಮನೆಯ ಎಲ್ಲ ಗೆರೆಗಳ ಫೋಟೋ ಕಳಿಸಿದ್ದಳು. ಅಡುಗೆಮನೆಯ ಗೋಡೆಯಲ್ಲಿ ಒಣಗಿದ ಕೆರೆಯ ತಳದ ಹಾಗೆ ಜಾಲ ಬಿದ್ದಿತ್ತು. ಯಾವ ದಿಕ್ಕೂ ಇಲ್ಲ, ಎಲ್ಲ ಕೂದಲೆಳೆ. ಇದು ಸಿಮೆಂಟ್ ಜಾಸ್ತಿ ಹಾಕಿ, ನೀರು ಸರಿಯಾಗಿ ಹೊಡೆಯದೆ ಬಿಟ್ಟ ಪ್ಲಾಸ್ಟರು. ಬೆರಳ ಗೆಣ್ಣಿನಿಂದ ತಟ್ಟಲು ಹೇಳಿದೆ. ಒಂದು ಕಡೆ ಟೊಳ್ಳು ಸದ್ದು ಬಂತು, ಅಷ್ಟು ತೆಗೆದು ಹೊಸದು ಮಾಡಿದರೆ ಮುಗಿಯಿತು.

ಇನ್ನೊಂದು, ಹಾಲ್‌ನಲ್ಲಿ ಸ್ಲ್ಯಾಬಿನ ಕೆಳಗೇ ಅಡ್ಡಕ್ಕೆ ನೇರವಾಗಿ ಎಳೆದ ಗೆರೆ. ಬಿಸಿಲಿಗೆ ಸ್ಲ್ಯಾಬು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಕೆಳಗಿನ ಇಟ್ಟಿಗೆ ಅಷ್ಟು ಅಲುಗುವುದಿಲ್ಲ. ಎರಡರ ಸಂದು ಬಿಡುತ್ತದೆ. ಮೇಲೆ ಇನ್ನೊಂದು ಅಂತಸ್ತಿಲ್ಲದ ಮನೆಗಳಲ್ಲಿ ಇದು ಎಲ್ಲೆಲ್ಲೂ ಇದೆ. ಟಾರ್ಚನ್ನು ಗೋಡೆಗೆ ಒರಗಿಸಿ ಪಕ್ಕದಿಂದ ಬೆಳಕು ಬಿಟ್ಟು ಫೋಟೋ ತೆಗೆಸಿದೆ. ಗೆರೆಯ ಮೇಲಿನ ಭಾಗ, ಕೆಳಗಿನ ಭಾಗ ಒಂದೇ ಮಟ್ಟದಲ್ಲಿದ್ದವು, ಒಂದರ ನೆರಳು ಇನ್ನೊಂದರ ಮೇಲೆ ಬೀಳಲಿಲ್ಲ. ಗೋಡೆ ಹೊರಗೆ ಜರುಗಿಲ್ಲ. ಇದನ್ನೂ ಪಕ್ಕಕ್ಕಿಟ್ಟೆ.

ಕಾಲಂ, ಬೀಮು ಇರುವ ಮನೆಗೆ ನನ್ನ ಈ ಓದು ಹಾಗೇ ಒಪ್ಪುವುದಿಲ್ಲ. ಅಲ್ಲಿ ಗೋಡೆ ಬರೀ ಪರದೆ. ಬೀಮಿನ ತುದಿಯಲ್ಲಿ ಓರೆ ಬಿರುಕು, ಕಾಲಮ್ಮಿನ ಅಂಚಿಗುಂಟ ಕಂದು ಕಲೆಯ ಜೊತೆ ಉದ್ದ ಬಿರುಕು ಕಂಡರೆ ಫೋಟೋ ನೋಡುತ್ತಾ ಕೂರಬಾರದು. ಅದೇ ದಿನ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಬೇಕು. ಕಂದು ಕಲೆ ಎಂದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ ಎಂದು.

9 ಮೇ, ಮೊಳೆ ಹೊಡೆದದ್ದು

ಮೂಲೆ ಇಳಿದಿದೆ ಎಂದು ಫೋಟೋ ಹೇಳಿತು. ಇನ್ನೂ ಇಳಿಯುತ್ತಿದೆಯೋ, ಏರಿ ಇಳಿದು ಮಾಡುತ್ತಿದೆಯೋ ಎನ್ನುವುದನ್ನು ಒಂದು ಫೋಟೋ ಹೇಳಲಾರದು. ಅದಕ್ಕೆ ಕಾಲ ಬೇಕು.

ಮೊದಲು ಒಂದು ಕಡೆ ಅಂಗೈ ಅಗಲ ಪ್ಲಾಸ್ಟರ್ ಕೆತ್ತಿಸಿದೆ. ಬಿರುಕು ಇಟ್ಟಿಗೆಯ ನಡುವಿನ ಗಾರೆಯಲ್ಲೇ ಮೆಟ್ಟಿಲಾಗಿ ಹೋಗಿತ್ತು. ಆಮೇಲೆ ಕಿಟಕಿಯ ಮೇಲೆ, ಬಿರುಕಿನ ಎರಡೂ ಕಡೆ ಒಂದೊಂದು ಕಾಂಕ್ರೀಟ್ ಮೊಳೆ ಇಟ್ಟಿಗೆಗೇ ಹೊಡೆಸಿದೆ, ಪ್ಲಾಸ್ಟರಿಗಲ್ಲ. ನಡುವೆ ಸುಮಾರು ಹತ್ತು ಸೆಂ.ಮೀ. ವರ್ನಿಯರಿನಿಂದ ಅಳೆದಾಗ 101.3 ಮಿ.ಮೀ. ಬೆಳಿಗ್ಗೆ ಏಳು ಗಂಟೆಗೇ ಅಳೆಯಬೇಕು, ಬಿಸಿಲು ಬಿದ್ದ ಗೋಡೆ ಬೇರೆ ಲೆಕ್ಕ ಕೊಡುತ್ತದೆ. ಮೂರು ಸಲ ಅಳೆದು ನಡುವಿನದನ್ನು ಬರೆಯಬೇಕು. 0.1 ಹೆಚ್ಚುಕಮ್ಮಿ ಆದರೆ ಅದಕ್ಕೆ ಅರ್ಥ ಕೊಡಬಾರದು.

ಆ ದಿನ ಮಾತಾಡುವಾಗ ಅಕ್ಕ ಒಂದು ಮಾತು ಹೇಳಿದಳು. "ಬ್ಯಾಸಿಗ್ಯಾಗ ಆ ಕಿಟಕಿ ಬಾಗಲಾ ಮುಚ್ಚಾಕ ಬರಂಗಿಲ್ಲ. ಮಳೆಗಾಲದಾಗ ಆರಾಮ ಮುಚ್ಚತೈತಿ." ಮರದ ಕಿಟಕಿ ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುತ್ತದೆ. ಇಲ್ಲಿ ತಿರುವುಮುರುವು. ಚೌಕಟ್ಟನ್ನೇ ಗೋಡೆ ಬೇಸಿಗೆಯಲ್ಲಿ ಸೊಟ್ಟ ಮಾಡಿ, ಮಳೆಗಾಲದಲ್ಲಿ ಬಿಡುತ್ತಿದೆ.

ಎರೆ ಮಣ್ಣಿನ ಗುಣವೇ ಇದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಈ ಉಬ್ಬರ ಇಳಿತ ಮೇಲಿನ ಹಲವು ಅಡಿಗಳಲ್ಲಿ ಜೋರು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಭೂಮಿಗೆಂದು ರೂಪಿಸಿದ, ಬುಡದಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬಗಳಾದ ಅಂಡರ್‌ರೀಮ್ಡ್ ಪೈಲುಗಳನ್ನು ಸಾಮಾನ್ಯವಾಗಿ ಮೂರೂವರೆ ಮೀಟರಿನಷ್ಟು ಆಳಕ್ಕೆ ಇಳಿಸುವುದು ಇದಕ್ಕೇ. ನಾಲ್ಕು ಅಡಿಯ ಪಾಯ ಅಲುಗುವ ಮಣ್ಣಿನ ಮೇಲೇ ಕೂತಿದೆ.

ಹಾಗಾದರೆ ಒಂದೇ ಮೂಲೆ ಏಕೆ? ಮಣ್ಣಿನ ಫೋಟೋ ಮತ್ತೆ ತೆರೆದೆ. ಮನೆಯ ಉಳಿದ ಮೂರು ಮೂಲೆಗೆ ಸಿಮೆಂಟಿನ ಅಂಗಳ ಇತ್ತು. ನೈಋತ್ಯದಲ್ಲಿ ಬರೀ ಮಣ್ಣು. ಮೂಲೆಯಿಂದ ಹತ್ತಡಿಗೆ ಒಂದು ದೊಡ್ಡ ಬೇವಿನ ಗಿಡ. ಪ್ಲಿಂತ್ ಮತ್ತು ಮಣ್ಣಿನ ನಡುವೆ ಎರಡು ಬೆರಳು ಹೋಗುವಷ್ಟು ಸಂದು. ಮೇಲೆ ಛಾವಣಿಯ ನೀರಿನ ಪೈಪು, ಅದರ ಬಾಯಿ ಸರಿಯಾಗಿ ಆ ಮೂಲೆಯ ಬುಡಕ್ಕೆ. ಬೇಸಿಗೆಯಲ್ಲಿ ಬೇವು ಆ ಮಣ್ಣಿನ ಹಸಿಯನ್ನೆಲ್ಲ ಎಳೆಯುತ್ತದೆ, ಮಳೆಗಾಲದಲ್ಲಿ ಇಡೀ ಛಾವಣಿಯ ನೀರು ಅದೇ ಮಣ್ಣಿಗೆ ಸುರಿಯುತ್ತದೆ.

ಅಳತೆಗಳು, ಮೇ – ನವೆಂಬರ್ 2021

ಮೇ 30ಕ್ಕೆ 101.8. ಮಳೆ ಶುರುವಾದ ಮೇಲೆ ಜುಲೈ 11ಕ್ಕೆ 100.9. ಸೆಪ್ಟೆಂಬರ್ 12ಕ್ಕೆ 99.2. ಆ ವರ್ಷ ನವೆಂಬರಿನಲ್ಲೂ ಜೋರು ಮಳೆ ಆಯಿತು, 28ಕ್ಕೆ 98.8.

ಮೂರು ಮಿ.ಮೀ. ಮುಚ್ಚಿಕೊಂಡಿತು. ಪೂರ್ತಿ ಮುಚ್ಚಲಿಲ್ಲ, ಮುಚ್ಚುವುದೂ ಇಲ್ಲ. ಸೀಳು ತೆರೆದಾಗ ಗಾರೆಯ ಪುಡಿ ಒಳಗೆ ಬಿದ್ದು ಬೆಣೆಯಾಗುತ್ತದೆ. ಹಳೆಯ ಪುಟ್ಟಿಯೂ ಅದೇ ಕೆಲಸ ಮಾಡಿದೆ. ಬೇಸಿಗೆಯಲ್ಲಿ ಬಿರುಕು ಅಗಲವಾಗಿದ್ದಾಗ ಗಟ್ಟಿ ಮಾಲು ತುಂಬಿದರೆ, ಮಳೆಗಾಲದಲ್ಲಿ ಗೋಡೆಗೆ ಹಿಂದಿರುಗಲು ಜಾಗವಿರುವುದಿಲ್ಲ. ಪಕ್ಕದಲ್ಲಿ ಹೊಸದಾಗಿ ಒಡೆಯುತ್ತದೆ.

ಅಳತೆ ಇಳಿದದ್ದು ನೋಡಿ ನನಗೆ ನಿಜವಾಗಿ ಸಮಾಧಾನವಾಯಿತು. ಮಳೆ ಇರಲಿ ಬಿಸಿಲಿರಲಿ ಒಂದೇ ಸಮನೆ ಏರುತ್ತಾ ಹೋಗಿದ್ದರೆ ಪಾಯದ ಕೆಳಗೇ ಕೈ ಹಾಕಬೇಕಾಗುತ್ತಿತ್ತು. ಅದು ದೊಡ್ಡ ಖರ್ಚು, ದೊಡ್ಡ ಅಪಾಯ.

ಜನವರಿ 2022, ಮಣ್ಣಿನ ಕೆಲಸ

ನಾನೇ ಹೋದೆ. ಮೂಲೆಯ ಎರಡೂ ಕಡೆ ಐದು ಅಡಿ ಅಗಲಕ್ಕೆ, ಒಂದೂವರೆ ಅಡಿ ಆಳಕ್ಕೆ ಎರೆ ಮಣ್ಣು ತೆಗೆಸಿ ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ಬಡಿಸಿದೆವು. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟು, ಹೊರಗೆ ಎರಡು ಇಂಚು ಇಳಿಜಾರು. ಕಾಂಕ್ರೀಟನ್ನು ಗೋಡೆಗೆ ಬೆಸೆಯಲಿಲ್ಲ. ಸಂದು ಬಿಟ್ಟು ಡಾಂಬರು ತುಂಬಿದೆವು, ಎರಡೂ ಬೇರೆ ಬೇರೆ ಅಲುಗಲಿ ಎಂದು. ಛಾವಣಿಯ ಪೈಪನ್ನು ಗಟಾರದವರೆಗೆ ಎಳೆದೆವು.

ಬೇವನ್ನು ಕಡಿಯಲು ಗೌಂಡಿ ಹೇಳಿದ. ಅಕ್ಕ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ದೊಡ್ಡ ಮರ ಒಮ್ಮೆಗೇ ಹೋದರೆ ಅದು ಇಷ್ಟು ವರ್ಷ ಒಣಗಿಸಿಟ್ಟ ಮಣ್ಣು ನೀರು ಕುಡಿದು ಉಬ್ಬುತ್ತದೆ, ಮೂಲೆ ಈಗ ಮೇಲಕ್ಕೆ ಏಳುತ್ತದೆ. ಕೊಂಬೆಗಳಲ್ಲಿ ಮೂರರಲ್ಲೊಂದು ಪಾಲು ಸವರಿಸಿದೆವು. ಎಲೆ ಕಡಿಮೆಯಾದರೆ ಕುಡಿಯುವ ನೀರೂ ಕಡಿಮೆ. ಬಿರುಕಿಗೆ ಮಳೆ ನೀರು ಹೋಗದಂತೆ ಮೆತ್ತನೆಯ ಸೀಲಂಟ್ ಮಾತ್ರ ಹಚ್ಚಿದೆವು.

22 ಮೇ 2022: 99.5. ಹಿಂದಿನ ಬೇಸಿಗೆಗಿಂತ 2.3 ಮಿ.ಮೀ. ಕಡಿಮೆ ತೆರೆದಿದೆ. ಕಿಟಕಿ ಬಾಗಿಲು ಮುಚ್ಚುತ್ತಿದೆ. 20 ನವೆಂಬರ್: 98.9.

ಡಿಸೆಂಬರ್ 2022, ಹೊಲಿಗೆ

ಒಂದು ಬೇಸಿಗೆ, ಒಂದು ಮಳೆಗಾಲ ಕಳೆದು ಅಲುಗಾಟ ಮಿ.ಮೀ.ಗಿಂತ ಕಡಿಮೆ ಆದ ಮೇಲೇ ಗೋಡೆ ಮುಟ್ಟಿದ್ದು. ಬಿರುಕು ಹೋದ ದಾರಿಯಲ್ಲಿ ಇಟ್ಟಿಗೆಯ ನಾಲ್ಕು ವರಸೆಗೊಂದು ಅಡ್ಡ ಸಂದಿಯ ಗಾರೆಯನ್ನು ಒಂದೂವರೆ ಇಂಚು ಆಳ ಕೆತ್ತಿ, ದೂಳು ತೊಳೆದು, 6 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಸರಳು ಕೂರಿಸಿದೆವು. ಬಿರುಕಿನ ಎರಡೂ ಕಡೆಗೆ ಅರ್ಧರ್ಧ ಮೀಟರು, ತುದಿ ಬಾಗಿಸಿ ಇಟ್ಟಿಗೆಯ ತೂತಿಗೆ. ಒಂದು ಸಾಲು ಹೊರಗಿನಿಂದ, ಮುಂದಿನದು ಒಳಗಿನಿಂದ. ಸರಳಿನ ಸುತ್ತ ಕುಗ್ಗದ ಗಾರೆ. ಬಿರುಕಿಗೆ ಮಾತ್ರ ಸುಣ್ಣ ಬೆರೆಸಿದ ಮೆತ್ತನೆಯ ಗಾರೆ: ಒಂದು ಪಾಲು ಸಿಮೆಂಟ್, ಒಂದು ಸುಣ್ಣ, ಆರು ಮರಳು. ಗೌಂಡಿ ಇನ್ನೂ ಗಟ್ಟಿ ಹಾಕೋಣ ಎಂದ. ಗಾರೆ ಇಟ್ಟಿಗೆಗಿಂತ ಗಟ್ಟಿಯಾದರೆ ಮುಂದಿನ ಸಲ ಇಟ್ಟಿಗೆಯೇ ಒಡೆಯುತ್ತದೆ ಎಂದು ತಡೆದೆ. ಮೇಲೆ ಒಂದಡಿ ಅಗಲ ಕೋಳಿಜಾಲಿ ಹೊಡೆದು ಪ್ಲಾಸ್ಟರ್.

21 ಮೇ 2023

ಮೊಳೆಗಳನ್ನು ಪ್ಲಾಸ್ಟರಿನಿಂದ ಹೊರಗೇ ಬಿಟ್ಟಿದ್ದೆವು. ಇಂದು 99.1. ಕಿಟಕಿಯ ಮೇಲಿನ ಮೂಲೆಯಲ್ಲಿ ಎರಡು ಬೆರಳು ಉದ್ದದ ಕೂದಲೆಳೆ ಬಿರುಕು ಬಂದಿದೆ. ಎಟಿಎಂ ಕಾರ್ಡು ಹೋಗುವುದಿಲ್ಲ, ಕಾಗದದ ಅಂಚು ಹೋಗುತ್ತದೆ. ಒಳಗಿನ ಮುಖದಲ್ಲಿ ಏನೂ ಇಲ್ಲ. ಅಳಿಯ ತುದಿಗೆ ಪೆನ್ಸಿಲ್ ಗೆರೆ ಎಳೆದು, ತಾರೀಖು ಬರೆದು, ಮೊದಲು ಇಡೀ ಗೋಡೆಯ ಫೋಟೋ ಕಳಿಸಿದ್ದಾನೆ, ಆಮೇಲೆ ನಾಣ್ಯ ಇಟ್ಟು ಹತ್ತಿರದ್ದು. ಮಳೆ ಮುಗಿದ ಮೇಲೆ ನವೆಂಬರಿನಲ್ಲಿ ಮತ್ತೊಮ್ಮೆ ಅಳೆಯಬೇಕು.